ಆರು ಲಕ್ಷದ ಷೇರು, ಹನ್ನೆರಡು ಲಕ್ಷದ ಸಾಲ

ಪ್ರಶ್ನೆ: ಸರ್, ನನ್ನದು ಮದ್ದೂರು ಹತ್ತಿರದ ಹಳ್ಳಿ. ಮಂಡ್ಯದಲ್ಲಿ ಖಾಸಗಿ ಕೆಲಸ, ಸಂಬಳ 38 ಸಾವಿರ. ಜೊತೆಗೆ ಮೂರು ಎಕರೆ ಕಬ್ಬು. ಲಾಕ್‌ಡೌನ್ ಕಾಲದಿಂದ ಸ್ವಲ್ಪ ಸ್ವಲ್ಪವಾಗಿ ಕೊಂಡ ಷೇರು ಈಗ 6 ಲಕ್ಷ ಆಗಿದೆ. ಅದನ್ನು ಪ್ಲೆಡ್ಜ್ ಮಾಡಿದರೆ, ಅಂದ್ರೆ ಅಡ ಇಟ್ಟರೆ, ನಾಲ್ಕೂವರೆ ಲಕ್ಷ ಮಾರ್ಜಿನ್ ಸಿಗುತ್ತೆ ಅಂತ ಆ್ಯಪ್ ತೋರಿಸ್ತಿದೆ. ಎಂಟಿಎಫ್‌ನಲ್ಲಿ ಅಂದ್ರೆ ಬ್ರೋಕರ್ ಕೊಡೋ ಸಾಲದಲ್ಲಿ 12 ಲಕ್ಷದ ಷೇರು ತಗೊಳ್ಳೋಣ ಅಂತಿದ್ದೀನಿ. ನೋಡೋಣ ಅಂತ ಈಗಾಗಲೇ ಪ್ಲೆಡ್ಜ್ ಮಾಡಿ ಒಂದೂವರೆ ಲಕ್ಷದ್ದು ತಗೊಂಡೂ ಆಗಿದೆ. ಬೆಲೆ ಬಿದ್ದರೆ ನಾನು ಮಾರಲ್ಲ, ಏರುವವರೆಗೂ ಕಾಯ್ತೀನಿ. ಹಾಗಿದ್ದ ಮೇಲೆ ರಿಸ್ಕ್ ಎಲ್ಲಿದೆ? ಇಲ್ಲಾಂದ್ರೆ ಬ್ಯಾಂಕಿನಲ್ಲಿ ಷೇರಿನ ಮೇಲೆ ಸಾಲ ತಗೊಳ್ಳೋದು ವಾಸಿನಾ?

ಉತ್ತರ: ಕಾಯುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ರಿಸ್ಕ್ ಇರುವುದು ಅಲ್ಲೇ.

ಈಗ ನಿಮ್ಮ ಹತ್ತಿರ ಇರುವ 6 ಲಕ್ಷದ ಷೇರು ಪೂರ್ತಿ ನಿಮ್ಮದು. ಅದು ನಾಳೆ 4 ಲಕ್ಷಕ್ಕೆ ಇಳಿದರೂ ಯಾರೂ ಬಂದು ಕೇಳುವ ಹಾಗಿಲ್ಲ. ಎರಡು ವರ್ಷ ಆ್ಯಪ್ ತೆರೆಯದೆ ಕೂತರೂ ಷೇರು ಅಲ್ಲೇ ಇರುತ್ತದೆ. ಸಣ್ಣ ಹೂಡಿಕೆದಾರನಿಗೆ ಇರುವ ದೊಡ್ಡ ಬಲ ಅದೊಂದೇ. ಸಾಲ ಮಾಡಿ ಕೊಂಡ ದಿನ ಆ ಬಲವನ್ನು ಬ್ರೋಕರ್ ಕೈಗೆ ಕೊಟ್ಟಂತೆ. ಯಾವಾಗ ಮಾರಬೇಕು, ಯಾವ ಷೇರು ಮಾರಬೇಕು, ಎಷ್ಟು ಬೆಲೆಗೆ ಮಾರಬೇಕು ಅನ್ನುವುದು ಆಮೇಲೆ ಅವರ ಲೆಕ್ಕ.

ನಮ್ಮ ಕಡೆ ಎಲ್ಲರಿಗೂ ಒಡವೆ ಅಡ ಇಟ್ಟು ಗೊತ್ತು. ಷೇರು ಪ್ಲೆಡ್ಜ್ ಮಾಡುವುದೂ ಅದೇ ಥರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಳೆ ಅಡ ಇಟ್ಟರೆ ಚಿನ್ನದ ಬೆಲೆ ಒಂದು ದಿನ ಕುಸಿಯಿತು ಅಂತ ಅದೇ ಮಧ್ಯಾಹ್ನ ಯಾರೂ ಬಳೆ ಮಾರುವುದಿಲ್ಲ. ನೋಟಿಸ್ ಬರುತ್ತದೆ, ಹರಾಜಿನ ದಿನಾಂಕ ಹೇಳುತ್ತಾರೆ, ಅಷ್ಟರಲ್ಲಿ ಬಡ್ಡಿ ಕಟ್ಟಿ ಉಳಿಸಿಕೊಳ್ಳಬಹುದು. ಷೇರಿನ ವಿಷಯದಲ್ಲಿ ಬ್ರೋಕರ್ ಪ್ರತಿದಿನ ಬೆಲೆ ಕಟ್ಟುತ್ತಾರೆ. ಮಾರುಕಟ್ಟೆ ಜೋರಾಗಿ ಬೀಳುವ ದಿನ ಗಂಟೆಗೊಂದು ಸಲ ನೋಡುತ್ತಾರೆ. ಪ್ಲೆಡ್ಜ್ ಮಾಡುವಾಗ ನಿಮ್ಮ ಷೇರುಗಳನ್ನು ಖಾತೆಯಲ್ಲಿ ಇಟ್ಟುಕೊಳ್ಳುವ ಸಂಸ್ಥೆಯಾದ ಡಿಪಾಸಿಟರಿಯಿಂದ ಬಂದ ಓಟಿಪಿ ಹಾಕಿದಿರಲ್ಲ, ಆ ಒಪ್ಪಿಗೆಯ ಮೇಲೆಯೇ ಅವರು ಮಾರಬಹುದು. ಮಾರುವಾಗ ಇನ್ನೊಂದು ಓಟಿಪಿ ಕೇಳುವುದಿಲ್ಲ.

ನಿಮ್ಮದೇ ಅಂಕಿ ಇಟ್ಟುಕೊಂಡು ನಿಧಾನವಾಗಿ ನೋಡೋಣ.

ಮಾರ್ಜಿನ್ ಅಂದರೆ ಸಾಲಕ್ಕೆ ಭದ್ರತೆಯಾಗಿ ಇರಬೇಕಾದ ಮೊತ್ತ. 6 ಲಕ್ಷದ ಷೇರಿಗೆ ನಾಲ್ಕೂವರೆ ಲಕ್ಷ ಮಾರ್ಜಿನ್ ಅಂದರೆ ಬ್ರೋಕರ್ ನೂರಕ್ಕೆ 25 ಕಳೆದಿದ್ದಾರೆ. ಇದಕ್ಕೆ ಹೇರ್‌ಕಟ್ ಅನ್ನುತ್ತಾರೆ. ನೀವು ಕೊಳ್ಳುವ 12 ಲಕ್ಷದ ಷೇರಿಗೆ ನೂರಕ್ಕೆ 30ರಂತೆ ಮಾರ್ಜಿನ್ ಬೇಕು ಅಂತ ಇಟ್ಟುಕೊಳ್ಳೋಣ. ಅಂದರೆ 3 ಲಕ್ಷ 60 ಸಾವಿರ. ನಿಮ್ಮ ಹತ್ತಿರ ನಾಲ್ಕೂವರೆ ಇದೆ, 90 ಸಾವಿರ ಹೆಚ್ಚಿಗೆ ಉಳಿಯಿತು. ಆ್ಯಪ್ ಹಸಿರು ಬಣ್ಣದಲ್ಲಿ ಇಷ್ಟೇ ತೋರಿಸುತ್ತದೆ.

ಅದು ಎದ್ದು ಕಾಣುವಂತೆ ಹೇಳದ ವಿಷಯ ಒಂದಿದೆ. ನೀವು ಕೊಟ್ಟಿದ್ದು ಅಡ, ದುಡ್ಡಲ್ಲ. ಹಾಗಾಗಿ 12 ಲಕ್ಷವನ್ನೂ ಬ್ರೋಕರೇ ಹಾಕುತ್ತಾರೆ. ಬಡ್ಡಿ ಪೂರ್ತಿ 12 ಲಕ್ಷದ ಮೇಲೆ. ನಿಮ್ಮ ಸ್ವಂತದ್ದು 6 ಲಕ್ಷ, ಮಾರುಕಟ್ಟೆಯಲ್ಲಿ ಈಗ ನಿಂತಿರುವುದು 18 ಲಕ್ಷ.

ಮಾರುಕಟ್ಟೆ ನೂರಕ್ಕೆ 10 ಬಿತ್ತು ಅನ್ನಿ. ಸಾಲದ ಷೇರು 12ರಿಂದ 10 ಲಕ್ಷ 80 ಸಾವಿರಕ್ಕೆ ಬಂತು, 1 ಲಕ್ಷ 20 ಸಾವಿರ ನಷ್ಟ. ಆ ನಷ್ಟ ನೀವು ತುಂಬಬೇಕು. ಉಳಿದ 10 ಲಕ್ಷ 80 ಸಾವಿರಕ್ಕೂ ನೂರಕ್ಕೆ 30ರಂತೆ 3 ಲಕ್ಷ 24 ಸಾವಿರ ಮಾರ್ಜಿನ್ ಇರಬೇಕು. ಎರಡೂ ಸೇರಿ 4 ಲಕ್ಷ 44 ಸಾವಿರ. ಅದೇ ಹೊತ್ತಿಗೆ ಅಡ ಇಟ್ಟ ನಿಮ್ಮ ಷೇರೂ ಬಿದ್ದಿದೆ ಅಲ್ವಾ? 6 ಲಕ್ಷದ್ದು 5 ಲಕ್ಷ 40 ಸಾವಿರ ಆಗಿದೆ, ಅದಕ್ಕೆ ಸಿಗುವ ಮಾರ್ಜಿನ್ 4 ಲಕ್ಷ 5 ಸಾವಿರ. ಕೊರತೆ 39 ಸಾವಿರ. ಬೇಕಾದ ಮಾರ್ಜಿನ್ ಮೇಲೆ ಹೋಗುವ ದಿನವೇ ನಿಮ್ಮ ಮಾರ್ಜಿನ್ ಕೆಳಗೆ ಬರುತ್ತದೆ. ಷೇರನ್ನೇ ಅಡ ಇಟ್ಟು ಷೇರು ಕೊಳ್ಳುವುದರ ಮೂಲ ತೊಂದರೆ ಇದು.

39 ಸಾವಿರ ತಾನೇ, ಹೊಂದಿಸೋಣ ಅನ್ನಿಸಬಹುದು. ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಮಾರ್ಜಿನ್ ಶೇಕಡಾವಾರು ಷೇರಿನ ಏರಿಳಿತದ ಮೇಲೆ ನಿಂತಿರುತ್ತದೆ. ಷೇರು ಜಾಸ್ತಿ ಅಲುಗಾಡಿದರೆ ಎಕ್ಸ್‌ಚೇಂಜ್ ಅದನ್ನು ಏರಿಸುತ್ತದೆ. ಅದರ ಮೇಲೆ ಬ್ರೋಕರ್ ತಮ್ಮ ಭದ್ರತೆಗೆ ಇನ್ನಷ್ಟು ಏರಿಸಬಹುದು. ನೀವು ಸಹಿ ಹಾಕಿದ ಷರತ್ತಿನಲ್ಲೇ ಅದಕ್ಕೆ ಒಪ್ಪಿಗೆ ಇರುತ್ತದೆ. ಈಗ 30 ಇದ್ದದ್ದು 40 ಆಯಿತು, ಹೇರ್‌ಕಟ್ 25 ಇದ್ದದ್ದು 30 ಆಯಿತು ಅಂದುಕೊಳ್ಳಿ. ಬೆಲೆ ಇನ್ನೊಂದು ರೂಪಾಯಿಯೂ ಇಳಿದಿಲ್ಲ. ಬೇಕಾಗಿರುವುದು 4 ಲಕ್ಷ 32 ಸಾವಿರ ಮಾರ್ಜಿನ್, ಜೊತೆಗೆ 1 ಲಕ್ಷ 20 ಸಾವಿರ ನಷ್ಟ, ಒಟ್ಟು 5 ಲಕ್ಷ 52 ಸಾವಿರ. ನಿಮ್ಮ ಹತ್ತಿರ ಇರುವುದು 3 ಲಕ್ಷ 78 ಸಾವಿರ. 39 ಸಾವಿರ ಇದ್ದ ಕೊರತೆ 1 ಲಕ್ಷ 74 ಸಾವಿರ ಆಗಿಹೋಯಿತು.

ನೀವು ದುಡ್ಡು ತುಂಬಲಿಲ್ಲ. ಬ್ರೋಕರ್ ಮಾರುತ್ತಾರೆ. ಎಷ್ಟು? 1 ಲಕ್ಷ 74 ಸಾವಿರದಷ್ಟು ಅಲ್ಲ. ಒಂದು ಲಕ್ಷದ ಷೇರು ಮಾರಿದರೆ ಬಿಡುಗಡೆಯಾಗುವ ಮಾರ್ಜಿನ್ 40 ಸಾವಿರ ಮಾತ್ರ. ಹಾಗಾಗಿ ಆ ಕೊರತೆ ಮುಚ್ಚಲು 4 ಲಕ್ಷ 35 ಸಾವಿರದ ಷೇರು ಹೋಗಬೇಕು. ಅದೂ ತಳದ ಬೆಲೆಗೆ.

ಈಗ ನಿಮ್ಮ ಮಾತಿಗೆ ಬರೋಣ, ಮಾರುಕಟ್ಟೆ ವಾಪಸ್ ಏರುತ್ತದೆ ಅಂತ. ಏರಲಿ. ಒಂದೇ ವಾರದಲ್ಲಿ ಎಲ್ಲವೂ ಹಳೆಯ ಬೆಲೆಗೆ ಬರಲಿ. ಮಾರಿಹೋದ 4 ಲಕ್ಷ 35 ಸಾವಿರದ ಷೇರು ಇದ್ದಿದ್ದರೆ ಈಗ 4 ಲಕ್ಷ 83 ಸಾವಿರ ಆಗಿರುತ್ತಿತ್ತು. ಆ 48 ಸಾವಿರ ನಿಮಗೆ ವಾಪಸ್ ಬರುವುದಿಲ್ಲ. ಯಾವ ಷೇರೂ ಹಳೆಯ ಬೆಲೆಗಿಂತ ಕೆಳಗಿಲ್ಲ, ಆದರೂ ನಿಮ್ಮ 6 ಲಕ್ಷ 5 ಲಕ್ಷ 52 ಸಾವಿರ ಆಗಿದೆ. ಸಾಲ ಮಾಡದೆ ಸುಮ್ನೆ ಕೂತಿದ್ದರೆ ಪೂರ್ತಿ 6 ಲಕ್ಷ ಇರುತ್ತಿತ್ತು.

ಇದು ಕಾಗದದ ಮೇಲಿನ ಲೆಕ್ಕ ಅಂತ ಅನ್ನಿಸದಿರಲಿ. 2024ರ ಜೂನ್ 4 ನೆನಪಿದೆಯಾ? ಲೋಕಸಭೆ ಚುನಾವಣೆಯ ಎಣಿಕೆ ದಿನ. ಹಿಂದಿನ ದಿನ 76,468ರಲ್ಲಿ ಮುಗಿದಿದ್ದ ಸೆನ್ಸೆಕ್ಸ್ ಮಧ್ಯಾಹ್ನದ ಹೊತ್ತಿಗೆ 6 ಸಾವಿರ ಅಂಶಕ್ಕೂ ಹೆಚ್ಚು ಬಿತ್ತು. ಸಂಜೆಗೆ 72,079. ಸರ್ಕಾರಿ ಬ್ಯಾಂಕ್ ಮತ್ತು ಸರ್ಕಾರಿ ಕಂಪನಿಗಳ ಎಷ್ಟೋ ಷೇರುಗಳು ಒಂದೇ ದಿನ ನೂರಕ್ಕೆ 15ರಿಂದ 20ರಷ್ಟು ಇಳಿದವು. ಜೂನ್ 7ರ ಶುಕ್ರವಾರ ಸೆನ್ಸೆಕ್ಸ್ 76,693ಕ್ಕೆ ಬಂದಿತ್ತು. ಬಿದ್ದದ್ದೆಲ್ಲ ಮೂರು ದಿನದಲ್ಲಿ ವಾಪಸ್.

ಆ ಮಂಗಳವಾರ ಮೈಸೂರಿನಲ್ಲಿ ನನ್ನ ಹತ್ತಿರ ಸಲಹೆಗೆ ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಹನ್ನೆರಡು ಗಂಟೆಗೆ ಫೋನ್ ಮಾಡಿದರು. ಅವರು ಎಂಟಿಎಫ್‌ನಲ್ಲಿ ಬರೀ ಸರ್ಕಾರಿ ಕಂಪನಿಗಳ ಷೇರು ತುಂಬಿಕೊಂಡಿದ್ದರು. ಅಡ ಇಟ್ಟಿದ್ದೂ ಅಂಥವೇ ಷೇರು. ಬ್ರೋಕರ್‌ನಿಂದ ಮೆಸೇಜ್ ಬಂದಾಗ ಅವರು ಟಿವಿ ಮುಂದೆ ಕೂತು ಫಲಿತಾಂಶ ನೋಡುತ್ತಿದ್ದರು. ದುಡ್ಡು ಇರಲಿಲ್ಲ ಅಂತಲ್ಲ. ಸಹಕಾರಿ ಬ್ಯಾಂಕಿನಲ್ಲಿ ಎಫ್‌ಡಿ ಇತ್ತು. ಅದನ್ನು ಮುರಿಸಲು ಶಾಖೆಗೆ ಹೋಗಿ ಅರ್ಜಿ ಬರೆಯಬೇಕಿತ್ತು. ಯುಪಿಐ ಮಿತಿಯಲ್ಲಿ ಎಷ್ಟು ಹೋಗುತ್ತದೋ ಅಷ್ಟು ಕಳಿಸಿದರು, ಸಾಲಲಿಲ್ಲ. ಒಂದು ಗಂಟೆಯೊಳಗೆ ಅವರ ಅರ್ಧಕ್ಕೂ ಹೆಚ್ಚು ಷೇರು ಮಾರಾಟವಾಗಿತ್ತು. ಉಳಿದದ್ದನ್ನು ಉಳಿಸಿಕೊಳ್ಳಲು ಸಂಜೆ ಮನೆಯವರ ಬಳೆ ಅಡ ಇಟ್ಟರು. ಶುಕ್ರವಾರ ಮಾರುಕಟ್ಟೆ ಏರಿ ನಿಂತಾಗ ನನಗೆ ಫೋನ್ ಮಾಡಿ, "ನಾನು ಅಂದುಕೊಂಡಿದ್ದೆಲ್ಲ ಸರಿಯಾಗಿತ್ತಲ್ಲ ಸರ್, ಮತ್ಯಾಕೆ ದುಡ್ಡು ಹೋಯಿತು?" ಅಂತ ಕೇಳಿದರು. ಅವರ ಅಂದಾಜು ಸರಿಯಾಗೇ ಇತ್ತು. ಮೂರು ದಿನ ಕಾಯುವ ಹಕ್ಕು ಅವರ ಹತ್ತಿರ ಇರಲಿಲ್ಲ. ಆ ದಿನದ ಅವರ ದನಿ ನನಗೆ ಇನ್ನೂ ಮರೆತಿಲ್ಲ. ನಿಮ್ಮ ಪತ್ರಕ್ಕೆ ಇಷ್ಟು ಉದ್ದ ಬರೆಯುತ್ತಿರುವುದೂ ಅದಕ್ಕೇ.

ನಿಮ್ಮ ವಿಷಯದಲ್ಲಿ ನನಗೆ ಇನ್ನೂ ಒಂದು ಭಯ ಇದೆ. ನಿಮ್ಮ ಒಂದು ಆದಾಯ ಕಬ್ಬು. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಎಷ್ಟು ವರ್ಷ ಹಾಗೆ ಬಂದಿದೆ ಅನ್ನುವುದು ಮದ್ದೂರಿನ ರೈತರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೊರತೆ ತುಂಬಿ ಅನ್ನುವ ಮಾರ್ಜಿನ್ ಕರೆ ಬಂದರೆ ಅದೇ ದಿನವೋ ಮರುದಿನವೋ ದುಡ್ಡು ಬೇಕು. ಬಾಕಿ ಬಿಲ್ ತೋರಿಸಿ ಸ್ವಲ್ಪ ತಡೆಯಿರಿ ಅನ್ನಲು ಅಲ್ಲಿ ಯಾರೂ ಇರುವುದಿಲ್ಲ. ಮಾರುವುದು ಕಂಪ್ಯೂಟರ್. ಆಗ ಉಳಿಯುವ ದಾರಿ ಒಡವೆ, ಕೈಸಾಲ, ಇಲ್ಲಾ ಬೆಳೆ ಸಾಲದ ದುಡ್ಡು. ಷೇರಿನ ನಷ್ಟ ಹೊಲಕ್ಕೆ ನುಗ್ಗುವುದು ಹೀಗೆ.

ಇನ್ನು ಬೀಳದೇ ಇದ್ದರೆ ಏನು? ಅದನ್ನೂ ಲೆಕ್ಕ ಹಾಕೋಣ. ದಿನಕ್ಕೆ ಶೇಕಡ 0.04 ಬಡ್ಡಿ ಹಾಕುವ ಬ್ರೋಕರ್‌ಗಳಿದ್ದಾರೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ವರ್ಷಕ್ಕೆ ಅದು ನೂರಕ್ಕೆ 14 ರೂಪಾಯಿ 60 ಪೈಸೆ. 12 ಲಕ್ಷಕ್ಕೆ ದಿನಕ್ಕೆ 480 ರೂಪಾಯಿ. ಮಾರುಕಟ್ಟೆಗೆ ರಜೆ ಇರುವ ಭಾನುವಾರವೂ, ವಿಜಯದಶಮಿಯ ದಿನವೂ 480. ತಿಂಗಳಿಗೆ 14,400, ನಿಮ್ಮ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಆರು ತಿಂಗಳಲ್ಲಿ ನಿಮ್ಮ 12 ಲಕ್ಷದ ಷೇರು ನೂರಕ್ಕೆ 10 ಏರಿತು ಅನ್ನಿ. ಒಳ್ಳೆಯ ಏರಿಕೆಯೇ. ಲಾಭ 1 ಲಕ್ಷ 20 ಸಾವಿರ. 182 ದಿನದ ಬಡ್ಡಿ 87,360. ವರ್ಷದೊಳಗೆ ಮಾರಿದ್ದರಿಂದ ಅಲ್ಪಾವಧಿ ಲಾಭದ ತೆರಿಗೆ, 2024ರ ಜುಲೈ 23ರಿಂದ ಅದು ಶೇಕಡ 20. ಬಡ್ಡಿ ಕಳೆದು ಉಳಿದದ್ದಕ್ಕೆ ತಾನೇ ತೆರಿಗೆ ಅಂತ ನೀವು ಅಂದುಕೊಳ್ಳಬಹುದು. ಅಲ್ಲ. ಬಂಡವಾಳ ಲಾಭದ ಲೆಕ್ಕದಲ್ಲಿ ಈ ಬಡ್ಡಿಯನ್ನು ಸಾಮಾನ್ಯವಾಗಿ ಖರ್ಚು ಅಂತ ಕಳೆಯಲು ಬಿಡುವುದಿಲ್ಲ. ಪೂರ್ತಿ 1 ಲಕ್ಷ 20 ಸಾವಿರದ ಮೇಲೆ 24 ಸಾವಿರ ತೆರಿಗೆ. ಕೈಗೆ ಉಳಿಯುವುದು 8,640 ರೂಪಾಯಿ. ಅದರಲ್ಲೂ ಸೆಸ್, ಎಸ್‌ಟಿಟಿ, ಬ್ರೋಕರೇಜ್, ಪ್ಲೆಡ್ಜ್ ಶುಲ್ಕ ಹೋಗಬೇಕು. ಅದೇ ನೂರಕ್ಕೆ 10 ಇಳಿದಿದ್ದರೆ ನಷ್ಟ ಮತ್ತು ಬಡ್ಡಿ ಸೇರಿ 2 ಲಕ್ಷ ದಾಟುತ್ತಿತ್ತು. ಗೆದ್ದರೆ ಎಂಟು ಸಾವಿರ, ಸೋತರೆ ಎರಡು ಲಕ್ಷ. ಇಷ್ಟು ತಿಳಿದ ಮೇಲೂ ಯಾರಾದರೂ ಆರು ತಿಂಗಳ ಲೆಕ್ಕದಲ್ಲಿ ಎಂಟಿಎಫ್‌ಗೆ ಇಳಿದರೆ ನನಗೆ ಅರ್ಥವಾಗುವುದಿಲ್ಲ.

ಬ್ಯಾಂಕಿನ ಸಾಲದ ವಿಷಯ ಕೇಳಿದ್ದೀರಿ. ಅದು ಸ್ವಲ್ಪ ಮೆತ್ತಗೆ, ನಿಜ. ಸಾಮಾನ್ಯವಾಗಿ ಷೇರಿನ ಬೆಲೆಯ ಅರ್ಧದಷ್ಟು ಸಾಲ ಕೊಡುತ್ತಾರೆ. ನಿಮ್ಮ 6 ಲಕ್ಷಕ್ಕೆ 3 ಲಕ್ಷ. ಓವರ್‌ಡ್ರಾಫ್ಟ್ ಥರ ಇರುತ್ತದೆ, ಬಳಸಿದಷ್ಟಕ್ಕೆ ಬಡ್ಡಿ. ದರವೂ ಎಂಟಿಎಫ್‌ಗಿಂತ ಕಡಿಮೆ ಇರುವುದೇ ಹೆಚ್ಚು. ಬೆಲೆ ನೂರಕ್ಕೆ 10 ಬಿದ್ದು 5 ಲಕ್ಷ 40 ಸಾವಿರ ಆದರೆ ಸಾಲದ ಮಿತಿ 2 ಲಕ್ಷ 70 ಸಾವಿರಕ್ಕೆ ಇಳಿಯುತ್ತದೆ. ಪೂರ್ತಿ 3 ಲಕ್ಷ ತೆಗೆದಿದ್ದರೆ 30 ಸಾವಿರ ಕಟ್ಟಬೇಕು, ಇಲ್ಲಾ ಇನ್ನಷ್ಟು ಷೇರು ಅಡ ಇಡಬೇಕು. ಅದಕ್ಕೆ ಕೆಲವು ದಿನದ ಗಡುವು ಸಿಗುತ್ತದೆ. ಆದರೆ ಬೆಲೆ ಇನ್ನೂ ಆಳಕ್ಕೆ ಹೋದರೆ ಗಡುವಿಗೆ ಕಾಯದೆ ಮಾರಬಹುದು ಅಂತ ಎಷ್ಟೋ ಒಪ್ಪಂದಗಳಲ್ಲಿ ಬರೆದಿರುತ್ತದೆ. ಸಹಿ ಹಾಕುವ ಮುಂಚೆ ಆ ಷರತ್ತನ್ನು ಹುಡುಕಿ ಓದಿ.

ಮಗಳ ಶಾಲೆ ಫೀಸಿಗೋ ಕಬ್ಬಿನ ಬಿಲ್ ಬರುವವರೆಗೆ ಗೊಬ್ಬರಕ್ಕೋ ಒಂದು ಲಕ್ಷ ತೆಗೆದು, ಬಿಲ್ ಬಂದ ಮೇಲೆ ಕಟ್ಟುವುದಾದರೆ ಈ ಸಾಲ ಕೆಟ್ಟದ್ದಲ್ಲ. 6 ಲಕ್ಷದ ಷೇರಿಗೆ 1 ಲಕ್ಷ ಸಾಲ ಇದ್ದರೆ ಮಾರುಕಟ್ಟೆ ಅರ್ಧಕ್ಕೆ ಬಿದ್ದರೂ ಮಿತಿ ಒಂದೂವರೆ ಲಕ್ಷ ಇರುತ್ತದೆ, ನಿಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಅದೇ ದುಡ್ಡಿನಲ್ಲಿ ಮತ್ತೆ ಷೇರು ಕೊಂಡರೆ ಎಂಟಿಎಫ್‌ನ ಕಥೆಯೇ ಇಲ್ಲೂ, ವೇಗ ಮಾತ್ರ ಕಡಿಮೆ. ಸಟ್ಟಾ ವ್ಯವಹಾರಕ್ಕೆ ಬಳಸುವುದಿಲ್ಲ ಅಂತ ಎಷ್ಟೋ ಕಡೆ ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತಾರೆ.

ಎಂಟಿಎಫ್ ಮಾಡಲೇಬೇಕು ಅನ್ನುವವರಿಗೆ ನಾನು ಒಂದು ಪರೀಕ್ಷೆ ಹೇಳುತ್ತೇನೆ. ಆ್ಯಪ್ ಇವತ್ತು ಎಷ್ಟಕ್ಕೆ ಬಿಡುತ್ತದೆ ಅಂತ ನೋಡಬೇಡಿ. ಎಲ್ಲ ಷೇರು ನೂರಕ್ಕೆ 25 ಬಿದ್ದು, ಮಾರ್ಜಿನ್ 40ಕ್ಕೆ ಏರಿ, ಹೇರ್‌ಕಟ್ 35 ಆದ ದಿನ ಹೊರಗಿನಿಂದ ಒಂದು ರೂಪಾಯಿ ತರದೆ ನಿಲ್ಲಬಹುದಾ ಅಂತ ನೋಡಿ. ನಿಮ್ಮ 6 ಲಕ್ಷ ಆಗ ನಾಲ್ಕೂವರೆ ಲಕ್ಷ. ಹೇರ್‌ಕಟ್ ಹೋಗಿ ಸುಮಾರು 2 ಲಕ್ಷ 92 ಸಾವಿರ. ಸಾಲದಲ್ಲಿ ಕೊಂಡ ಪ್ರತಿ ನೂರು ರೂಪಾಯಿ ಷೇರಿಗೆ 25 ನಷ್ಟ, ಉಳಿದ 75ಕ್ಕೆ 30 ಮಾರ್ಜಿನ್, ಒಟ್ಟು 55 ಬೇಕು. ಭಾಗಿಸಿ ನೋಡಿ. ನೀವು ಬದುಕಿ ಉಳಿಯುವ ಗಡಿ 5 ಲಕ್ಷ 30 ಸಾವಿರದ ಆಸುಪಾಸು. 12 ಲಕ್ಷ ಆ ಗಡಿಯ ಎರಡರಷ್ಟಕ್ಕಿಂತ ಜಾಸ್ತಿ. ಗಡಿಯೊಳಗೇ ಇದ್ದರೂ 5 ಲಕ್ಷಕ್ಕೆ ತಿಂಗಳಿಗೆ 6 ಸಾವಿರ ಬಡ್ಡಿ ಸಂಬಳದಿಂದ ಹೋಗುತ್ತಿರುತ್ತದೆ. ಹಾಗಾಗಿ ನಿಮಗೆ ನನ್ನ ಸಲಹೆ 5 ಲಕ್ಷವೂ ಅಲ್ಲ. ಬೇಡವೇ ಬೇಡ.

ಈಗಾಗಲೇ ತಗೊಂಡ ಒಂದೂವರೆ ಲಕ್ಷದ ವಿಷಯ. ಗಾಬರಿ ಆಗುವಂಥದ್ದೇನೂ ಇಲ್ಲ, ಅಡಕ್ಕೆ ಹೋಲಿಸಿದರೆ ಅದು ಸಣ್ಣದು. ಆದರೆ ದಿನಕ್ಕೆ 60 ರೂಪಾಯಿ ಓಡುತ್ತಿದೆ. ಮೊದಲು ಆ್ಯಪ್‌ನಲ್ಲಿ ಲೆಡ್ಜರ್ ತೆರೆದು ಬಡ್ಡಿ ಯಾವ ದರದಲ್ಲಿ ಬಿದ್ದಿದೆ ನೋಡಿ. ನಾನು ಹಿಡಿದ ದರಕ್ಕಿಂತ ಜಾಸ್ತಿಯೂ ಇರಬಹುದು. ಆ ಷೇರು ನಿಮಗೆ ನಿಜವಾಗಿ ಬೇಕಾ, ಅಥವಾ ಸಾಲ ಸಿಕ್ಕಿತು ಅಂತ ತಗೊಂಡದ್ದಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಎರಡನೆಯದಾದರೆ ಈ ವಾರವೇ ಮಾರಿಬಿಡಿ, ಸ್ವಲ್ಪ ನಷ್ಟ ಇದ್ದರೂ ಸರಿ. ಬೇಕಾದ ಷೇರೇ ಆಗಿದ್ದರೆ ಸಂಬಳದಲ್ಲಿ ಉಳಿದಷ್ಟಕ್ಕೆ ಒಂದಿಷ್ಟು ಷೇರು ಬಿಡಿಸಿಕೊಂಡು ಸಾಲವಿಲ್ಲದ ಮಾಮೂಲಿ ಡೆಲಿವರಿಗೆ ಬದಲಿಸಿಕೊಳ್ಳಿ. ಭಾಗ ಭಾಗವಾಗಿ ಬದಲಿಸಲು ನಿಮ್ಮ ಬ್ರೋಕರ್ ಬಿಡುತ್ತಾರಾ ಅಂತ ಮುಂಚೆ ಕೇಳಿಕೊಳ್ಳಿ. ಬಿಡದಿದ್ದರೆ ಅರ್ಧ ಮಾರಿ ಉಳಿದರ್ಧದ ಸಾಲ ತೀರಿಸಿ.

ಅದು ಮುಗಿದ ಮೇಲೆ ಅಡ ಇಟ್ಟ ಹಳೆಯ ಷೇರುಗಳಿಗೆ ಅನ್‌ಪ್ಲೆಡ್ಜ್ ಕೋರಿಕೆ ಹಾಕಿ. ಒಂದೊಂದು ಕಂಪನಿಯ ಷೇರಿಗೂ ಪ್ರತ್ಯೇಕವಾಗಿ ಶುಲ್ಕ ಬೀಳುತ್ತದೆ, ಅದು ಸಣ್ಣ ಮೊತ್ತ. ಕೋರಿಕೆ ಹಾಕಿದ ಮೇಲೆ ಆ್ಯಪ್ ನಂಬಿ ಸುಮ್ಮನಾಗಬೇಡಿ. ಡಿಪಾಸಿಟರಿಯ ಸ್ವಂತ ಜಾಲತಾಣಕ್ಕೆ ಲಾಗಿನ್ ಆಗಿ, ಸಿಡಿಎಸ್‌ಎಲ್ ಖಾತೆಯಾದರೆ ಅವರ ಈಸಿ ಸೇವೆಯಲ್ಲಿ, ಪ್ಲೆಡ್ಜ್ ಆದ ಷೇರಿನ ಸಂಖ್ಯೆ ಸೊನ್ನೆ ತೋರಿಸುತ್ತಿದೆಯಾ ನೋಡಿ.